ಸೋಮವಾರದ ಸಾಲು

ಗುರುವಾರ ಬೆಳಿಗ್ಗೆ ಆರೂಕಾಲು ಗಂಟೆಗೆ ಭುಜಂಗ ಮೂಲ್ಯರಿಗೆ ಎದೆನೋವು ಬಂತು. ನಾಲಿಗೆಯ ಅಡಿಯಲ್ಲಿಟ್ಟ ಗುಳಿಗೆ ಕೆಲಸ ಮಾಡಲಿಲ್ಲ. ಐದು ನಿಮಿಷ ಬಿಟ್ಟು ಎರಡನೆಯದು ಇಟ್ಟರು, ಮತ್ತೆ ಐದು ನಿಮಿಷ ಬಿಟ್ಟು ಮೂರನೆಯದು. ನೋವು ತಾನಾಗಿ ಇಳಿಯುವಾಗ ಆರೂಮುಕ್ಕಾಲು ದಾಟಿತ್ತು. ಅದು 1987ರ ನವೆಂಬರ್ 26.

ಹತ್ತು ಗಂಟೆಗೆ ಅವರ ಹೆಂಡತಿ ಕುಶಲಾ ಕಾರ್ಕಳ ಬಸ್‌ಸ್ಟ್ಯಾಂಡಿನ ಹಿಂದಿನ ಡಾ. ವಿಷ್ಣುಮೂರ್ತಿಯವರ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಗೋಡೆಯಿಂದ ಇಳಿಸಿ ಸುರುಳಿ ಸುತ್ತಿದ ಕ್ಯಾಲೆಂಡರ್ ಇತ್ತು. ನೋವು ಬಂದ ದಿನ, ಬಂದ ಗಂಟೆ, ಗುಳಿಗೆಯಿಂದ ಇಳಿದಿದ್ದರೆ ಒಂದು ಗೀಟು, ಇಳಿಯದಿದ್ದರೆ ಒಂದು ಸೊನ್ನೆ. ಹೀಗೆ ಬರೆದಿಡಲು ಹೇಳಿದವರು ಡಾಕ್ಟರೇ. ಕುಶಲಾ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಅವರ ಬರಹದಷ್ಟು ನಂಬಬಹುದಾದ ದಾಖಲೆ ಆ ಕ್ಲಿನಿಕ್ಕಿನ ಕಪಾಟಿನಲ್ಲಿಯೂ ಇರಲಿಲ್ಲ.

ನವೆಂಬರ್ ಹಾಳೆಯ ತುಂಬ ಸೊನ್ನೆಗಳು.

ಭುಜಂಗರಿಗೆ ಐವತ್ತನಾಲ್ಕು ವರ್ಷ. ಊರಿನ ಹೊರಗಿನ ಕಪ್ಪುಕಲ್ಲಿನ ಕೋರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ. ಸೆಪ್ಟೆಂಬರಿನಲ್ಲಿ ಡ್ರಿಲ್ ಹಿಡಿದು ನಿಂತಿದ್ದಾಗ ಎದೆ ಹಿಂಡಿದಂತಾಗಿ ಕುಳಿತುಬಿಟ್ಟಿದ್ದರು. ವಿಷ್ಣುಮೂರ್ತಿ ಅವರನ್ನು ಮಣಿಪಾಲಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿದರು. ಹೃದಯಕ್ಕೇ ರಕ್ತ ಕೊಡುವ ನಾಳಗಳು ಎರಡು ಕಡೆ ಕಿರಿದಾಗಿದ್ದವು. ಮದರಾಸಿನಲ್ಲಿ ಬೈಪಾಸ್ ಆಪರೇಶನ್‌ಗೆ ಜನವರಿ ಹದಿನೆಂಟರ ತಾರೀಕು ಸಿಕ್ಕಿತ್ತು. ಅಲ್ಲಿಯವರೆಗೆ ಈ ಮನುಷ್ಯನನ್ನು ಗುಳಿಗೆಯಲ್ಲಿ ದಾಟಿಸಬೇಕು. ವಿಷ್ಣುಮೂರ್ತಿಯವರ ಮುಂದಿದ್ದ ಕೆಲಸ ಅಷ್ಟೇ. ಗುರುವಾರ ಎಣಿಸಿದರೆ ಐವತ್ತಮೂರು ದಿನ ಉಳಿದಿತ್ತು.

ಮೊದಲು ಅವರು ಕೊಟ್ಟದ್ದು ಸಾರ್ಬಿಟ್ರೇಟ್, ಆರು ಗಂಟೆಗೊಮ್ಮೆ: ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೆರಡು. ನಡುವೆ ನೋವು ಬಂದರೆ ನಾಲಿಗೆಯಡಿಗೆ ಇನ್ನೊಂದು. ಈ ಗುಳಿಗೆ ಏನು ಮಾಡುತ್ತದೆಂದು ಕುಶಲಾ ಕೇಳಿದಾಗ ಅವರು ಬೇಸರಿಸದೆ ವಿವರಿಸಿದ್ದರು. ನೈಟ್ರೇಟ್ ಜಾತಿಯ ಔಷಧಿ ರಕ್ತನಾಳಗಳನ್ನು, ಅದರಲ್ಲೂ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳನ್ನು ಸಡಿಲ ಮಾಡುತ್ತದೆ. ರಕ್ತ ಕಾಲಿನಲ್ಲಿ, ಹೊಟ್ಟೆಯಲ್ಲಿ ಸ್ವಲ್ಪ ನಿಲ್ಲುತ್ತದೆ, ಹೃದಯಕ್ಕೆ ಬರುವುದು ಕಡಿಮೆಯಾಗುತ್ತದೆ. ತಲೆಯ ಮೇಲಿನ ಬುಟ್ಟಿಯಿಂದ ಅರ್ಧ ಕಲ್ಲು ಇಳಿಸಿದ ಹಾಗೆ. ಹೊರೆ ಇಳಿದರೆ ಹೃದಯ ತನಗಾಗಿ ಕೇಳುವ ರಕ್ತವೂ ಕಡಿಮೆ, ನೋವು ನಿಲ್ಲುತ್ತದೆ. ಜೊತೆಗೆ ಹೃದಯದ ನಾಳಗಳೂ ಒಂದಿಷ್ಟು ತೆರೆದುಕೊಳ್ಳುತ್ತವೆ.

ಕುಶಲಾ ಅಲಾರಂ ಇಟ್ಟು ರಾತ್ರಿ ಹನ್ನೆರಡಕ್ಕೆ ಗಂಡನನ್ನು ಎಬ್ಬಿಸಿ ಗುಳಿಗೆ ಕೊಟ್ಟರು. ಒಂದು ದಿನವೂ ತಪ್ಪಲಿಲ್ಲ. ಗುಣ ಕಾಣಲಿಲ್ಲ. ಅಕ್ಟೋಬರ್ ಕೊನೆಗೆ ವಿಷ್ಣುಮೂರ್ತಿ ಮಣಿಪಾಲಕ್ಕೆ ಹೋಗಿ ಸಹಪಾಠಿ ಸುಭಾಷಿಣಿಯನ್ನು ಕಂಡರು. ಆಕೆ ಹೃದ್ರೋಗ ವಿಭಾಗದಲ್ಲಿದ್ದರು. ತಪ್ಪು ಆ ಹನ್ನೆರಡು ಗಂಟೆಯ ಗುಳಿಗೆಯಲ್ಲೇ ಇರಬಹುದು ಎಂದಿದ್ದರು ಸುಭಾಷಿಣಿ. ನೈಟ್ರೇಟ್ ಇಪ್ಪತ್ತನಾಲ್ಕು ಗಂಟೆಯೂ ರಕ್ತದಲ್ಲಿದ್ದರೆ ನಾಳಗಳು ಅದಕ್ಕೆ ಒಗ್ಗಿಹೋಗುತ್ತವೆ. ಔಷಧಿಯನ್ನು ಕೆಲಸಕ್ಕೆ ಹಚ್ಚುವ ಗಂಧಕದಂಶದ ವಸ್ತುವೊಂದು ನಾಳದ ಗೋಡೆಯಲ್ಲಿದೆ, ಅದು ಬರಿದಾಗುತ್ತದೆ ಎಂಬುದು ಒಂದು ವಾದ. ದೇಹವೂ ಸುಮ್ಮನಿರುವುದಿಲ್ಲ, ನೀರು ಹಿಡಿದಿಟ್ಟುಕೊಂಡು, ನಾಳಗಳನ್ನು ಬಿಗಿಯುವ ರಸಗಳನ್ನು ಸುರಿಸಿ ಎದುರು ಎಳೆಯುತ್ತದೆ. ಪೂರ್ತಿ ಕಾರಣ ಯಾರಿಗೂ ಗೊತ್ತಿಲ್ಲ. ಪರಿಹಾರ ಮಾತ್ರ ಗೊತ್ತುಂಟು: ದಿನಕ್ಕೆ ಹತ್ತು ಹನ್ನೆರಡು ಗಂಟೆ ನೈಟ್ರೇಟ್ ಇಲ್ಲದ ಬಿಡುವು. ಆ ಬಿಡುವಿನಲ್ಲಿ ನಾಳಗಳು ಮತ್ತೆ ಮೊದಲಿನಂತಾಗುತ್ತವೆ. ಬಿಡುವಿನ ಹೊತ್ತಿಗೆ ಕಾವಲಾಗಿ ಬೇರೆ ಜಾತಿಯ ಗುಳಿಗೆ, ಅಟೆನಲಾಲ್.

ಹಾಗೆ ನವೆಂಬರಿನಿಂದ ಏಳು, ಹನ್ನೆರಡು, ಐದು. ರಾತ್ರಿ ಇಲ್ಲವೇ ಇಲ್ಲ. ಯಾವ ಕಾರಣಕ್ಕೂ ಕೊಡಬಾರದು ಎಂದು ವಿಷ್ಣುಮೂರ್ತಿ ಮೂರು ಸಲ ಹೇಳಿದ್ದರು. ಕುಶಲಾ ಅಲಾರಂ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟರು. ಆದರೂ ಸೊನ್ನೆಗಳು ನಿಲ್ಲಲಿಲ್ಲ.

ಈಗ ಡಾಕ್ಟರು ಎರಡು ತಿಂಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರು. ಅಕ್ಟೋಬರಿನಲ್ಲಿ ಗೀಟುಗಳು ಮೂರೇ ಇದ್ದವು, ಮೂರೂ ಸೋಮವಾರದ ಸಾಲಿನಲ್ಲಿ. ನವೆಂಬರಿನ ಮೊದಲ ಸೋಮವಾರ ಇನ್ನೊಂದು. ಆಮೇಲೆ ಸೋಮವಾರದ ಸಾಲೇ ಖಾಲಿ, ನೋವೂ ಇಲ್ಲ, ಗೀಟೂ ಇಲ್ಲ. ಮಂಗಳವಾರದಿಂದ ಶನಿವಾರದವರೆಗೆ ಎಂದಿನಂತೆ ಸೊನ್ನೆ.

ಸೋಮವಾರ ಮಾತ್ರ ಗುಳಿಗೆ ಹಿಡಿಯುತ್ತಿದ್ದದ್ದು ಹೇಗೆ ಎಂದು ಅವರು ಕೇಳಿದರು.

ಕುಶಲಾ ಯೋಚಿಸಿದರು. “ಸೋಮವಾರ ಇವರಿಗೆ ಮಂಡೆನೋವು ಬೇರೆ ಬರ್ತಿತ್ತು ಡಾಕ್ಟ್ರೇ. ಕೋರೆಯವರಿಗೆಲ್ಲ ಅದು ಉಂಟು. ಆದಿತ್ಯವಾರ ರಜೆ ಮಾಡಿ ಸೋಮವಾರ ಹೋದ್ರೆ ಮಂಡೆ ಸಿಡೀತದೆ. ಮಂಗಳವಾರಕ್ಕೆ ಸಮ ಆಗ್ತದೆ. ಈಗ ಇವರಿಗೆ ಬರುವುದಿಲ್ಲ.”

“ಈಗ ಯಾಕೆ ಬರುವುದಿಲ್ಲ?”

“ಕಾಗದ ಇಟ್ಕೊಳ್ತಾರಲ್ಲ.”

ಯಾವ ಕಾಗದ ಎಂಬುದನ್ನು ಅವರು ಸಹಜವಾಗಿ ಹೇಳಿದರು. ಜಿಲೆಟಿನ್ ಕಡ್ಡಿ ಸುತ್ತಿ ಬರುವ ಎಣ್ಣೆಜಿಡ್ಡಿನ ಕಾಗದ. ಶನಿವಾರ ಕೆಲಸ ಬಿಡುವಾಗ ಒಂದು ತುಂಡನ್ನು ತಲೆಗೆ ಹಾಕುವ ಅಡಿಕೆಹಾಳೆಯ ಮುಟ್ಟಾಳೆಯೊಳಗೆ, ಹಣೆಗೆ ತಾಗುವ ಹಾಗೆ ಮಡಚಿಟ್ಟುಕೊಂಡರೆ ಸೋಮವಾರ ಮಂಡೆನೋವಿಲ್ಲ. ಕೋರೆಯಲ್ಲಿ ಹಳಬರಿಗೆಲ್ಲ ಗೊತ್ತಿರುವ ಉಪಾಯ. ಭುಜಂಗರು ಆದಿತ್ಯವಾರ ಇಡೀ ಮುಟ್ಟಾಳೆ ತೆಗೆಯುತ್ತಲೇ ಇರಲಿಲ್ಲ.

ಜಿಲೆಟಿನ್ ಕಡ್ಡಿಯಲ್ಲಿರುವುದು ನೈಟ್ರೋಗ್ಲಿಸರಿನ್. ಬಂಡೆ ಸಿಡಿಸುವ ಅದೇ ವಸ್ತು ಚಿಟಿಕೆಯಷ್ಟಿದ್ದರೆ ಎದೆನೋವಿನ ಔಷಧಿ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಉಸಿರಿನಿಂದಲೂ. ಇದನ್ನು ವಿಷ್ಣುಮೂರ್ತಿ ಎರಡನೆಯ ವರ್ಷದ ಪರೀಕ್ಷೆಯಲ್ಲಿ ಬರೆದಿದ್ದರು. ರಜೆಯಲ್ಲಿ ಒಗ್ಗಿಕೆ ಕಳೆದು ಮತ್ತೆ ಮುಟ್ಟಿದ ದಿನ ಬರುವ, ಸ್ಫೋಟಕದ ಕಾರ್ಖಾನೆಗಳ ಸೋಮವಾರದ ತಲೆನೋವು ಎಂಬ ಒಂದು ಸಾಲು, ಅದಕ್ಕೆ ಅಂಕವೂ ಬಂದಿತ್ತು. ರಾತ್ರಿಯ ಗುಳಿಗೆ ನಿಲ್ಲಿಸಿ ತಾವು ಕಷ್ಟಪಟ್ಟು ಮಾಡಿಸಿದ ಬಿಡುವನ್ನು ಒಂದು ತುಂಡು ಕಾಗದ ತುಂಬಿಬಿಟ್ಟಿತ್ತು ಎಂದು ಅವರಿಗೆ ಹೊಳೆಯಿತು. ಆದರೆ ಕೋರೆಯ ಬಯಲಿನಲ್ಲಿ ವಾರವಿಡೀ ನಾಳಗಳು ಒಗ್ಗಿಹೋಗುವಷ್ಟು ಸೇರುವುದು ಹೇಗೆ? ಅದನ್ನು ಕಣ್ಣಾರೆ ನೋಡಬೇಕಿತ್ತು. ಶುಕ್ರವಾರ ಹೆರಿಗೆಯೊಂದರಲ್ಲಿ ದಿನ ಕಳೆಯಿತು. ಶನಿವಾರ ಮಧ್ಯಾಹ್ನ ಮೂರೂವರೆಗೆ ಅವರು ಕೋರೆಗೆ ಹೋದರು.

ಕೋರೆಯ ಯಜಮಾನ ಕರುಣಾಕರ ಹೆಗ್ಡೆ ತಾವೇ ಬಂದು ಕರೆದುಕೊಂಡು ಹೋದರು. ಭುಜಂಗರು ಡ್ರಿಲ್ ಹತ್ತಿರ ಇರಲಿಲ್ಲ. ಸಿಮೆಂಟ್ ಶೀಟಿನ ಒಂದು ಶೆಡ್ಡಿನಲ್ಲಿ, ಒಂದೇ ಕಿಟಕಿಯ ಕೆಳಗೆ, ಹಲಗೆಯ ಮೇಲೆ ಕಡ್ಡಿಗಳನ್ನು ಜೋಡಿಸಿಕೊಂಡು ಕುಳಿತಿದ್ದರು. ಕಾಗದ ಬಿಡಿಸಿ, ಬಂಡೆಯಲ್ಲಿ ಕೊರೆದ ಕುಳಿಯ ಆಳಕ್ಕೆ ತಕ್ಕಂತೆ ಕತ್ತರಿಸಿ, ಬೆರಳಿನಿಂದ ಒತ್ತಿ ಒಟ್ಟುಮಾಡುವ ಕೆಲಸ. ಕೈಗೆ ಏನೂ ಹಾಕಿರಲಿಲ್ಲ. ಒಳಗೆ ಸಿಹಿಯೆನ್ನಬಹುದಾದ ಒಂದು ವಾಸನೆ ನಿಂತಿತ್ತು.

“ಬನ್ನಿ ಡಾಕ್ಟ್ರೇ, ಕುರ್ಚಿ ಇಲ್ಲ, ಡಬ್ಬಿಯ ಮೇಲೆ ಮಾತ್ರ ಕೂತ್ಕೊಳ್ಬೇಡಿ” ಎಂದು ಭುಜಂಗರು ನಕ್ಕರು. “ಹಾರಿದ್ರೆ ಇಬ್ಬರೂ ಒಟ್ಟಿಗೆ ಮದರಾಸಿಗೆ.”

ಎಷ್ಟು ದಿನದಿಂದ ಇಲ್ಲಿ ಕುಳಿತಿದ್ದೀರಿ ಎಂದು ಕೇಳಿದ್ದಕ್ಕೆ ಹೆಗ್ಡೆಯವರು ಗೋಡೆಯತ್ತ ತೋರಿಸಿದರು. ಮೊಳೆಗೆ ಚುಚ್ಚಿದ್ದ ಒಂದು ಚೀಟಿ. ಕ್ಲಿನಿಕ್ಕಿನ ಹೆಸರಿನ ಕೆಳಗೆ ವಿಷ್ಣುಮೂರ್ತಿಯವರದೇ ಅಕ್ಷರ, ಸೆಪ್ಟೆಂಬರ್ ಇಪ್ಪತ್ತೊಂದರ ತಾರೀಕು: ಇವರಿಗೆ ಭಾರದ ಕೆಲಸ ಕೊಡಬಾರದು, ಕುಳಿತು ಮಾಡುವ ಹಗುರ ಕೆಲಸ ಕೊಡುವುದು. ಹೆಗ್ಡೆಯವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಕೋರೆಯಲ್ಲಿ ಕುಳಿತು ಮಾಡುವ ಕೆಲಸ ಇದೊಂದೇ. ಮೊದಲಾದರೆ ಭುಜಂಗರು ಬಯಲಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಕಡ್ಡಿ ಮುಟ್ಟುತ್ತಿದ್ದರು. ಈಗ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ.

ಹತ್ತು ನಿಮಿಷವಾಗುವಷ್ಟರಲ್ಲಿ ವಿಷ್ಣುಮೂರ್ತಿಯವರ ಎರಡೂ ಕಣತಲೆಗಳು ಬಡಿಯತೊಡಗಿದವು. ಹೊಸಬರಿಗೆ ಹಾಗೆ ಆಗುತ್ತದೆ, ಹೊರಗೆ ಹೋಗಿ ನಿಲ್ಲಿ ಎಂದರು ಹೆಗ್ಡೆ.

ಅವರು ಹೊರಗೆ ಹೋಗಲಿಲ್ಲ. ಭುಜಂಗರನ್ನು ಎಬ್ಬಿಸಿ ಹೊರಗೆ ತಂದರು. ಸೋಪು ಹಾಕಿ ಎರಡು ಸಲ ಕೈ ತೊಳೆಸಿದರು. ಮುಟ್ಟಾಳೆಯೊಳಗೆ ಆಗಲೇ ಮಡಚಿಟ್ಟಿದ್ದ ಕಾಗದವನ್ನು ಹೆಗ್ಡೆಯವರಿಗೆ ಮರಳಿಸಿ, ಮುಟ್ಟಾಳೆಯನ್ನು ಶೆಡ್ಡಿನಲ್ಲೇ ಬಿಡಿಸಿದರು. ಇನ್ನು ಆಪರೇಶನ್ ಆಗುವವರೆಗೆ ಈ ಬಾಗಿಲಿನ ಹತ್ತಿರ ಬರಕೂಡದು ಎಂದರು. ಭುಜಂಗರು ವಾದಿಸಲಿಲ್ಲ. ಬರಿತಲೆಯಲ್ಲಿ ಮನೆಗೆ ನಡೆದರು. ಆಗ ಗಂಟೆ ನಾಲ್ಕು.

ವಿಷ್ಣುಮೂರ್ತಿಯವರ ಊರು ಕಾಪು. ತಿಂಗಳಿಗೊಂದು ಆದಿತ್ಯವಾರ ತಾಯಿಯನ್ನು ನೋಡಲು ಹೋಗುವುದು ಪದ್ಧತಿ. ಮರುದಿನ ಅದಕ್ಕೆಂದು ಹೊರಟವರು ಮೊದಲು ಮಣಿಪಾಲದ ದಾರಿ ಹಿಡಿದರು. ಸುಭಾಷಿಣಿಗೆ ಇದನ್ನು ಹೇಳಲೇಬೇಕಿತ್ತು. ಸ್ವಲ್ಪ ಹೆಮ್ಮೆಯೂ ಇತ್ತು, ಅದನ್ನು ಅವರು ಆಮೇಲೆ ಒಪ್ಪಿಕೊಂಡರು. ಹನ್ನೊಂದು ಗಂಟೆಗೆ ಆಕೆಯ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಹಾಳೆಗಳನ್ನು ಬಿಡಿಸಿ, ಶೆಡ್ಡು, ಚೀಟಿ, ಮುಟ್ಟಾಳೆ ಎಲ್ಲವನ್ನೂ ವಿವರಿಸಿದರು. ಗೀಟುಗಳನ್ನು ಬೆರಳಿಟ್ಟು ತೋರಿಸಿದರು. ಕೆಲಸದ ದಿನಗಳಲ್ಲಿ ನಾಳಗಳು ಒಗ್ಗಿರುತ್ತಿದ್ದವು, ಆದಿತ್ಯವಾರದ ಬಿಡುವಿನ ನಂತರ ಮಾತ್ರ ಗುಳಿಗೆಗೆ ಬಗ್ಗುತ್ತಿದ್ದವು. ಕಾಗದ ಇಟ್ಟುಕೊಂಡ ಮೇಲೆ ಆ ಬಿಡುವೂ ಹೋಯಿತು.

ಸುಭಾಷಿಣಿ ಗೀಟು ನೋಡಲಿಲ್ಲ, ಪಕ್ಕದಲ್ಲಿ ಕುಶಲಾ ಬರೆದಿದ್ದ ಗಂಟೆಗಳನ್ನು ಓದಿದರು. ವಾರದ ನಡುವಿನ ನೋವುಗಳು ಎದ್ದು ಓಡಾಡುವ ಹೊತ್ತಿನವು: ಆರೂಕಾಲು, ಹನ್ನೊಂದು, ಸಂಜೆ ನಾಲ್ಕೂವರೆ. ಸೋಮವಾರದ ನಾಲ್ಕೂ ಬೆಳಗಿನ ಜಾವದವು: ಐದು, ನಾಲ್ಕೂಮುಕ್ಕಾಲು, ಐದೂಕಾಲು, ಐದು.

“ಇದು ಮಲಗಿದಲ್ಲೇ ಬಂದ ನೋವು, ವಿಷ್ಣು.”

ವಿಷ್ಣುಮೂರ್ತಿ ಹಾಳೆಯನ್ನು ತಮ್ಮತ್ತ ತಿರುಗಿಸಿ ಸೋಮವಾರದ ಗಂಟೆಗಳನ್ನು ಮತ್ತೆ ಓದಿದರು.

“ವಾರವಿಡೀ ನೈಟ್ರೋಗ್ಲಿಸರಿನ್ ಎಳೆದು ಹಿಡಿದ ನಾಳ. ಶನಿವಾರ ಸಂಜೆ ಅದು ಕೈಬಿಡ್ತದೆ, ಎದುರು ಎಳೆಯುವ ಶಕ್ತಿ ಮಾತ್ರ ಹಾಗೆಯೇ ಉಂಟು. ಒಂದೂವರೆ ಎರಡು ದಿನಕ್ಕೆ ನಾಳ ಬಿಗಿದುಕೊಳ್ತದೆ. ಗುಳಿಗೆ ಆಗ ಹಿಡೀತದೆ, ಸರಿ. ಆದರೆ ನೋವು ತಂದದ್ದೂ ಆ ಬಿಡುವೇ. ಕಾಗದ ಇಟ್ಟ ಮೇಲೆ ಸೋಮವಾರದ ನೋವು ನಿಂತಿತು, ನೋಡು. ಕಾರ್ಖಾನೆಗಳಲ್ಲಿ ಇಂಥವರು ರಜೆಯ ಮರುದಿನ ಸತ್ತದ್ದು ಉಂಟು. ನೀನು ಎಷ್ಟು ಗಂಟೆಗೆ ನಿಲ್ಲಿಸಿದ್ದು?”

“ನಿನ್ನೆ ನಾಲ್ಕಕ್ಕೆ.”

“ಎಲ್ಲವನ್ನೂ?”

“ಕಾಗದ, ಶೆಡ್ಡು ಎಲ್ಲ. ರಾತ್ರಿಯ ಗುಳಿಗೆ ಮೊದಲೇ ಇಲ್ಲ.”

ಆಕೆ ಗೋಡೆಯ ಗಡಿಯಾರ ನೋಡಿದರು. ನಿಲ್ಲಿಸಿ ಆಗಲೇ ಹತ್ತೊಂಬತ್ತು ಗಂಟೆ ಕಳೆದಿತ್ತು. ಇವತ್ತೇ ಕರೆದುಕೊಂಡು ಬಾ, ನಾಲ್ಕೈದು ದಿನ ಇಲ್ಲಿ ಇಟ್ಟುಕೊಂಡು ನೈಟ್ರೇಟನ್ನು ನಿಧಾನವಾಗಿ ಇಳಿಸೋಣ ಎಂದರು. ನಾಳಗಳ ಬಿಗಿತ ತಡೆಯಲು ಬೇರೆ ಔಷಧಿಯೂ ಇತ್ತು, ಆದರೆ ಕಣ್ಣೆದುರು ಇಟ್ಟುಕೊಂಡೇ ಕೊಡಬೇಕು. ಬರುವವರೆಗೆ ಬಿಡುವು ಬೇಡ, ಆರು ಗಂಟೆಗೊಮ್ಮೆ ಗುಳಿಗೆ, ರಾತ್ರಿಯೂ. ಅದು ಶೆಡ್ಡಿನಷ್ಟು ಪ್ರಮಾಣವಲ್ಲ, ಆದರೂ ಇರಲಿ.

ವಿಷ್ಣುಮೂರ್ತಿ ಕಾಪುವಿಗೆ ಹೋಗದೆ ಕಾರು ತಿರುಗಿಸಿ ಹಿರಿಯಡ್ಕದ ಮೇಲಿಂದ ಕಾರ್ಕಳಕ್ಕೆ ಮರಳಿದರು. ಒಂದು ಗಂಟೆಗೆ ಮೂಲ್ಯರ ಮನೆಗೆ ಬೀಗ. ಪಕ್ಕದ ಮನೆಯ ಲೊರ್ನಾಬಾಯಿ ಬೇಲಿಯ ದಣಪೆಯ ಹತ್ತಿರ ಬಂದು, ಬೆಳಗ್ಗಿನಿಂದ ಅವರಿಗೆ ನೋವೇ ಇರಲಿಲ್ಲವೆಂದೂ, ಎರಡು ತಿಂಗಳಿಂದ ಮಗಳನ್ನು ನೋಡಿಲ್ಲವೆಂದು ಗಂಡಹೆಂಡತಿ ಹತ್ತರ ಬಸ್ಸಿಗೆ ಹೋದರೆಂದೂ ಹೇಳಿದರು. ಮಗಳು ಮನೋರಮಾಳನ್ನು ಕೊಟ್ಟದ್ದು ಕಾಪುವಿಗೆ.

ದೀಪಸ್ತಂಭಕ್ಕೆ ಹೋಗುವ ರಸ್ತೆಯಲ್ಲಿ ವಿಚಾರಿಸಿಕೊಂಡು ಆ ಮನೆ ತಲುಪುವಾಗ ಮೂರು ಗಂಟೆ. ಭುಜಂಗರು ಜಗಲಿಯಲ್ಲಿ ಗೋಡೆಗೊರಗಿ ಕುಳಿತು ಎಲೆ ಜಗಿಯುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು.

“ನಿಮ್ಮ ಮದ್ದು ಈಗ ಹಿಡಿದದ್ದು ಡಾಕ್ಟ್ರೇ” ಎಂದರು. “ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದೇ ಬಂದೆ.”

ವಿಷ್ಣುಮೂರ್ತಿ ನಿಂತುಕೊಂಡೇ ವಿಷಯ ಹೇಳಿದರು. ಮರೆಮಾಚಲಿಲ್ಲ. ಶೆಡ್ಡಿನಿಂದ ಬಿಡಿಸಿದ್ದು ಸರಿ, ಒಮ್ಮೆಲೇ ಬಿಡಿಸಿ ಮನೆಗೆ ಕಳುಹಿಸಿದ್ದು ತನ್ನ ತಪ್ಪು. ಇಂದು ರಾತ್ರಿ, ನಾಳೆ, ನಾಡಿದ್ದು ಅಪಾಯದ ಸಮಯ. ಈಗಲೇ ಮಣಿಪಾಲಕ್ಕೆ ಹೊರಡಬೇಕು, ಕಾರು ಉಂಟು. ಕುಶಲಾ ಬಾಗಿಲಲ್ಲಿ ನಿಂತು ಕೇಳಿದರು.

ಭುಜಂಗರು ಜಗಲಿಯಿಂದ ಕೆಳಗೆ ಬಗ್ಗಿ ಉಗುಳಿ ಬಂದು ಕುಳಿತರು.

“ಹಗುರ ಕೆಲಸಕ್ಕೆ ಕೂರಿಸಿದ್ದು ನೀವು. ರಾತ್ರಿ ಎಬ್ಬಿಸಿ ಗುಳಿಗೆ ಕೊಡಿಸಿದ್ದು ನೀವು, ನಿಲ್ಲಿಸಿದ್ದು ನೀವು. ನಿನ್ನೆ ಮುಟ್ಟಾಳೆ ಬಿಡಿಸಿದ್ದೂ ನೀವೇ. ಇವತ್ತು ನನಗೆ ನೋವಿಲ್ಲ, ಇವತ್ತು ಆಸ್ಪತ್ರೆ ಅಂತೀರಿ.” ಸ್ವರ ಏರಲಿಲ್ಲ. “ನಾನು ಯಾವುದನ್ನು ಕೇಳುವುದು, ಹೇಳಿ.”

ಡಾಕ್ಟರ ಹತ್ತಿರ ಉತ್ತರ ಇತ್ತು, ಆದರೆ ಅದು ಈಗಷ್ಟೇ ಹೇಳಿಯಾದ ಉತ್ತರ. ಅದನ್ನೇ ಇನ್ನೊಮ್ಮೆ ಹೇಳಿದರು. ಮನೋರಮಾಳೂ ಹೇಳಿದಳು. ಭುಜಂಗರು ಒಂದು ರಾಜಿಗೆ ಬಂದರು: ನಾಳೆ ಬೆಳಿಗ್ಗೆ ಏಳು ಗಂಟೆಗೆ ಹೊರಡುವುದು, ಇವತ್ತು ಮಗಳ ಮನೆಯ ಊಟ. ಅದಕ್ಕಿಂತ ಮುಂದೆ ಒಂದು ಅಂಗುಲ ಸರಿಯಲಿಲ್ಲ. ಎತ್ತಿಕೊಂಡು ಹೋಗಲು ಬರುವಂತಿರಲಿಲ್ಲ.

ವಿಷ್ಣುಮೂರ್ತಿ ಕುಶಲಾರನ್ನು ಬದಿಗೆ ಕರೆದು ಹೊಸ ಸಮಯ ಬರೆದುಕೊಟ್ಟರು: ಈಗೊಂದು, ರಾತ್ರಿ ಒಂಬತ್ತು, ಮೂರು.

“ರಾತ್ರಿ ಯಾವ ಕಾರಣಕ್ಕೂ ಕೊಡಬಾರದು ಅಂತ ಮೂರು ಸಲ ಹೇಳಿದ್ದೀರಿ” ಎಂದರು ಕುಶಲಾ.

“ಹೇಳಿದ್ದೆ. ಇವತ್ತು ಕೊಡಿ.”

“ಖಂಡಿತವಾ?”

“ಖಂಡಿತ.”

ಅವರು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ವಿಷ್ಣುಮೂರ್ತಿ ಕಾರ್ಕಳಕ್ಕೆ ಹೋಗದೆ ತಾಯಿಯ ಮನೆಯಲ್ಲಿ ಉಳಿದರು. ಅಲ್ಲಿಂದ ಮನೋರಮಾಳ ಮನೆಗೆ ಒಂದೂವರೆ ಕಿಲೋಮೀಟರ್. ಕಾರನ್ನು ಹೊರಡಲು ಅನುಕೂಲವಾಗುವಂತೆ ರಸ್ತೆಗೆ ಮುಖಮಾಡಿ ನಿಲ್ಲಿಸಿದ್ದರು.

ಸೋಮವಾರ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಮನೋರಮಾಳ ಗಂಡ ಸೈಕಲ್ಲಿನಲ್ಲಿ ಬಂದು ಬಾಗಿಲು ಬಡಿದ. ನೋವು ಶುರುವಾದದ್ದು ಐದೂ ಹತ್ತಕ್ಕೆ, ಮಲಗಿದಲ್ಲೇ. ಕುಶಲಾ ಕೂಡಲೇ ನಾಲಿಗೆಯಡಿ ಗುಳಿಗೆ ಇಟ್ಟಿದ್ದರು. ಡಾಕ್ಟರು ಸುಭಾಷಿಣಿಗೆ ಫೋನ್ ಮಾಡಿ ಹೊರಟು ಅಲ್ಲಿ ತಲುಪುವಾಗ ನೋವು ಇಳಿದಿತ್ತು. ಭುಜಂಗರ ಮೈ ಬೆವರಿನಲ್ಲಿ ತೊಯ್ದಿತ್ತು, ಆದರೆ ಮಾತಾಡುತ್ತಿದ್ದರು. ಎರಡೇ ನಿಮಿಷದಲ್ಲಿ ಇಳಿಯಿತು ಡಾಕ್ಟ್ರೇ, ಇಷ್ಟು ಬೇಗ ಯಾವತ್ತೂ ಇಳಿದದ್ದಿಲ್ಲ ಎಂದರು.

ಅವರನ್ನು ಹಿಂದಿನ ಸೀಟಿನಲ್ಲಿ ಕುಶಲಾರಿಗೆ ಒರಗಿಸಿ ಕೂರಿಸಿ ಹೊರಟರು. ಕಟಪಾಡಿಯಲ್ಲಿ ಎರಡನೆಯ ಸಲ ಬಂತು. ಎರಡನೆಯ ಗುಳಿಗೆ, ಅದೂ ಹಿಡಿಯಿತು, ಆದರೆ ಉದ್ಯಾವರದ ಸೇತುವೆ ದಾಟುವವರೆಗೆ ಮಾತ್ರ. ಮೂರನೆಯದನ್ನು ಇಟ್ಟಾಗ ಮುಖ ಬೂದಿಯಾಗಿತ್ತು, ಕೈ ತಣ್ಣಗಿತ್ತು. ವಿಷ್ಣುಮೂರ್ತಿ ಕಾರು ನಿಲ್ಲಿಸಿ ನಾಡಿ ಹಿಡಿದರು, ಸಿಗುತ್ತಿತ್ತು, ತಪ್ಪುತ್ತಿತ್ತು. ಇನ್ನೊಂದು ಗುಳಿಗೆ ಕೊಟ್ಟರೆ ರಕ್ತದೊತ್ತಡ ಇನ್ನೂ ಇಳಿಯುತ್ತದೆ. ಶೀಶೆಯನ್ನು ಕುಶಲಾರ ಕೈಯಿಂದ ತೆಗೆದುಕೊಂಡು ಕಿಸೆಗೆ ಹಾಕಿದರು. ಮತ್ತೆ ಕಾರು ಓಡಿಸಿದರು.

ಉಡುಪಿ ಪೇಟೆಯಲ್ಲಿ ಹೂವಿನ ಅಂಗಡಿಗಳು ತೆರೆಯುತ್ತಿದ್ದವು. ಕಲ್ಸಂಕದ ಹತ್ತಿರ ಭುಜಂಗರ ತಲೆ ಹೆಂಡತಿಯ ಭುಜದಿಂದ ಮುಂದಕ್ಕೆ ಜಾರಿತು. ವಿಷ್ಣುಮೂರ್ತಿ ಅವರನ್ನು ರಸ್ತೆಯ ಬದಿಯಲ್ಲಿ ಮಲಗಿಸಿ ಇಪ್ಪತ್ತೈದು ನಿಮಿಷ ಎದೆ ಒತ್ತಿದರು. ಯಾರೋ ಬಸ್ಸು ನಿಲ್ಲಿಸಿ ಇಳಿದು ಬಂದು, ಮತ್ತೆ ಕಾರಿಗೆ ಎತ್ತಲು ಕೈಹಾಕಿದರು. ಮಣಿಪಾಲ ಇನ್ನು ನಾಲ್ಕು ಕಿಲೋಮೀಟರ್ ಇತ್ತು. ಆರೂ ಐವತ್ತಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ ಸುಭಾಷಿಣಿ ಕಾರಿನೊಳಗೆ ಬಗ್ಗಿ ಕಣ್ಣಿಗೆ ಟಾರ್ಚು ಹಿಡಿದು ನೋಡಿ, ಆರಿಸಿದರು.

ಕುಶಲಾ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಡಾಕ್ಟರಿಗೆ ಕೊಟ್ಟರು. ಮೂರರ ಮುಂದೆ ಗೀಟು, ಒಂಬತ್ತರ ಮುಂದೆ ಗೀಟು, ಬೆಳಗಿನ ಮೂರರ ಮುಂದೆ ಗೀಟು.

“ಎಲ್ಲ ಕೊಟ್ಟಿದ್ದೇನೆ” ಎಂದರು.

“ಗೊತ್ತುಂಟು” ಎಂದರು ವಿಷ್ಣುಮೂರ್ತಿ. “ನೀವು ತಪ್ಪಿದ್ದು ಏನೂ ಇಲ್ಲ.”

ಆ ವಾರ ಅವರು ಕೋರೆಗೆ ಹೋಗಿ, ಶೆಡ್ಡಿನ ಗೋಡೆಯಿಂದ ತಮ್ಮ ಚೀಟಿಯನ್ನು ತೆಗೆದುಕೊಂಡು ಬಂದರು. ಕಡ್ಡಿ ಕತ್ತರಿಸುವವರಿಗೆ ರಬ್ಬರಿನ ಕೈಗವಸು ಕೊಡಿಸಬೇಕು, ಶೆಡ್ಡಿಗೆ ಇನ್ನೆರಡು ಕಿಟಕಿ ಬೇಕು, ಎದೆನೋವಿರುವ ಯಾರನ್ನೂ ಅಲ್ಲಿ ಕೂರಿಸಬಾರದು, ಅಲ್ಲಿ ಕೂತವರನ್ನು ಒಮ್ಮೆಲೇ ಬಿಡಿಸಬಾರದು ಎಂದು ಎರಡು ಪುಟ ಬರೆದು ಹೆಗ್ಡೆಯವರಿಗೆ ಕೊಟ್ಟರು. ಹೆಗ್ಡೆಯವರು ಓದಿ, ಮಡಚಿ, ಮೇಜಿನ ಡ್ರಾಯರಿನಲ್ಲಿಟ್ಟರು.

ಡಿಸೆಂಬರ್ 14ರ ಸೋಮವಾರದಿಂದ ಶೆಡ್ಡಿನ ಕೆಲಸಕ್ಕೆ ಚಂದು ಎಂಬ ಡ್ರಿಲ್ ಕೆಲಸಗಾರನನ್ನು ಹಾಕಿದರು. ಅವನಿಗೆ ಬೆನ್ನುನೋವಿತ್ತು, ಕುಳಿತು ಮಾಡುವ ಹಗುರ ಕೆಲಸ ಕೊಡಬೇಕೆಂದು ಬೇರೊಬ್ಬ ಡಾಕ್ಟರು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಅದೇ ಮೊಳೆಗೆ ಚುಚ್ಚಿದರು.